ಚಹಾ ಮೊದಲು ಬೇಗ ಆರುತ್ತದೆ, ಆಮೇಲೆ ನಿಧಾನ: ಇದಕ್ಕೊಂದು ಲೆಕ್ಕವಿದೆಯೇ?

ಪ್ರಶ್ನೆ
ತೆರೆದ ಕಪ್‌ನಲ್ಲಿ ಹಾಲಿಲ್ಲದ 200 ಮಿಲಿಲೀಟರ್ ಚಹಾ ಇಟ್ಟು ಐದೈದು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ನೋಡಿದೆ. ಕೋಣೆಯ ತಾಪಮಾನ 25 ಡಿಗ್ರಿ. ಚಹಾ 85ರಿಂದ ಶುರುವಾಗಿ 72, 63, 56, 50 ಎಂದು ಇಳಿಯಿತು. ಮೊದಲ ಐದು ನಿಮಿಷಕ್ಕೆ 13 ಡಿಗ್ರಿ, ಕೊನೆಯ ಐದು ನಿಮಿಷಕ್ಕೆ ಬರೀ 6. ಈ ಇಳಿಕೆಗೆ ಲೆಕ್ಕವಿದೆಯೇ? 25ಕ್ಕೆ ಮುಟ್ಟುವುದು ಯಾವಾಗ?

ಭೌತಶಾಸ್ತ್ರ ಉಪನ್ಯಾಸಕಿ
ಚಹಾದ ತಾಪಮಾನವನ್ನು ಬದಿಗಿಟ್ಟು, ಅದು ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯಾಗಿದೆ ಎಂಬುದನ್ನಷ್ಟೇ ಬರೆದುಕೊಳ್ಳಿ. ಪ್ರತಿಯೊಂದು ಅಂಕಿಯಿಂದ 25 ಕಳೆದರೆ 60, 47, 38, 31, 25 ಉಳಿಯುತ್ತದೆ. ಈಗ ಪ್ರತಿ ಸಂಖ್ಯೆಯನ್ನೂ ಅದರ ಹಿಂದಿನದರಿಂದ ಭಾಗಿಸಿ: 0.78, 0.81, 0.82, 0.81. ನಿಮ್ಮ ಲೆಕ್ಕ ಅಲ್ಲೇ ಇದೆ. ಐದು ನಿಮಿಷಕ್ಕೆ ಇಷ್ಟು ಡಿಗ್ರಿ ಎಂದು ಚಹಾ ಇಳಿಯುವುದಿಲ್ಲ. ಇರುವ ಹೆಚ್ಚುವರಿ ಬಿಸಿಯಲ್ಲಿ ಸುಮಾರು ಐದನೇ ಒಂದು ಪಾಲು ಪ್ರತಿ ಸಲವೂ ಹೋಗುತ್ತದೆ. 47ರಲ್ಲಿ ಐದನೇ ಒಂದು ಪಾಲು ದೊಡ್ಡದು, 31ರಲ್ಲಿ ಚಿಕ್ಕದು. ಗ್ರಾಫ್ ಮೊದಲು ಕಡಿದಾಗಿ ಇಳಿದು ಆಮೇಲೆ ಚಪ್ಪಟೆಯಾಗುವುದು ಅದಕ್ಕೇ.

ಮುಂದಿನದನ್ನೂ ಹೀಗೇ ಊಹಿಸಬಹುದು. ಐದು ನಿಮಿಷಕ್ಕೆ 0.81ರಂತೆ ಗುಣಿಸುತ್ತ ಹೋದರೆ 40ನೇ ನಿಮಿಷಕ್ಕೆ ಹೆಚ್ಚುವರಿ ಬಿಸಿ ಸುಮಾರು 11, ಅಂದರೆ ಚಹಾ 36 ಡಿಗ್ರಿ. ಒಂದು ಗಂಟೆಗೆ ಸುಮಾರು 30, 80ನೇ ನಿಮಿಷಕ್ಕೆ 27. ಲೆಕ್ಕದ ಪ್ರಕಾರ 25ನ್ನು ಎಂದೂ ಮುಟ್ಟುವುದಿಲ್ಲ, ಏಕೆಂದರೆ ಪಾಲು ತೆಗೆದ ಮೇಲೂ ಏನಾದರೂ ಉಳಿದೇ ಇರುತ್ತದೆ. ವಾಸ್ತವದಲ್ಲಿ ನಿಮ್ಮ ಥರ್ಮಾಮೀಟರ್ ವ್ಯತ್ಯಾಸ ತೋರಿಸದಾದಾಗ ಮುಟ್ಟಿತು ಎನ್ನಬೇಕು, ಅಷ್ಟೇ. ತೆರೆದ ಕಪ್ ಆದ್ದರಿಂದ ಕೊನೆಗೆ ಅದು ಕೋಣೆಗಿಂತ ತುಸು ಕೆಳಗೇ ಹೋಗಿ ನಿಂತರೂ ಆಶ್ಚರ್ಯಪಡಬೇಡಿ. ಆರಿದ ಮೇಲೂ ನೀರು ಆವಿಯಾಗುತ್ತಲೇ ಇರುತ್ತದೆ.

ಕೋಣೆಯ ತಾಪಮಾನವನ್ನು ಅಂದಾಜಿನಲ್ಲಿ ಬರೆಯಬೇಡಿ. 25ರ ಬದಲು 30 ಎಂದುಕೊಂಡು ಕಳೆದು ನೋಡಿ: ಮೊದಲ ಇಪ್ಪತ್ತು ನಿಮಿಷ ತಪ್ಪು ಎದ್ದು ಕಾಣುವುದೇ ಇಲ್ಲ. ಆದರೆ ಒಂದು ಗಂಟೆಯ ಹೊತ್ತಿಗೆ ಹೆಚ್ಚುವರಿ ಬಿಸಿ ಸೊನ್ನೆ ಎಂದು ಬಂದು, ಚಹಾ ಇನ್ನೂ ಇಳಿಯುತ್ತಿರುವಾಗಲೇ ಲೆಕ್ಕ ಮುಗಿದುಹೋಗಿರುತ್ತದೆ. ಬಾಲದ ಭಾಗದಲ್ಲಿ ಅನುಪಾತ ಕುಸಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೋಣೆಯ ಅಂಕಿಯನ್ನು.

ನಿವೃತ್ತ ಬಾಯ್ಲರ್ ಎಂಜಿನಿಯರ್
ಇಷ್ಟು ಗುಣಾಕಾರ ಏಕೆ? ಮೊದಲು ಬೇಗ ಆರುವುದು ಆವಿಯಿಂದ. ಆವಿ ಏಳುವುದು ನಿಂತ ಮೇಲೆ ಒಂದೇ ವೇಗದಲ್ಲಿ ಇಳಿಯುತ್ತದೆ.

ಭೌತಶಾಸ್ತ್ರ ಉಪನ್ಯಾಸಕಿ
ಅರ್ಧ ಒಪ್ಪುತ್ತೇನೆ ಸರ್. ಒಂದೇ ವೇಗ ಎಂಬುದು ಅವರ ಅಂಕಿಗಳಲ್ಲೇ ಇಲ್ಲ: ಆವಿ ಕಣ್ಣಿಗೆ ಕಾಣುವುದು ಕಡಿಮೆಯಾದ ಮೇಲೂ ಇಳಿಕೆ 9, 7, 6 ಎಂದು ಕುಗ್ಗುತ್ತಲೇ ಇದೆ. ಆದರೆ ಆ ಮೊದಲ 0.78 ಮಾತ್ರ ಉಳಿದವುಗಳ ಸಾಲಿಗೆ ಸೇರದಿರುವುದಕ್ಕೆ ನೀವು ಹೇಳಿದ ಆವಿಯೇ ಕಾರಣವಿರಬಹುದು. 85 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 60 ಡಿಗ್ರಿಯಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು. ಹೆಚ್ಚುವರಿ ಬಿಸಿ ಎರಡು ಪಟ್ಟೂ ಆಗಿರುವುದಿಲ್ಲ, ಆವಿ ಮಾತ್ರ ಮೂರು ಪಟ್ಟು. ಹಾಗಾಗಿ ತೀರಾ ಬಿಸಿಯಿರುವಾಗ ಚಹಾ ನಿಯಮಕ್ಕಿಂತ ಬೇಗ ಆರುತ್ತದೆ.

ಆವಿಯ ಪಾಲನ್ನು ಅಳೆಯುವುದೂ ಕಷ್ಟವಲ್ಲ. ಒಂದು ಗ್ರಾಂ ನೀರು ಆವಿಯಾಗಿ ಹೋದರೆ 200 ಗ್ರಾಂ ಚಹಾ ಸುಮಾರು 2.7 ಡಿಗ್ರಿ ಇಳಿಯುತ್ತದೆ. ಕಪ್ಪನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಮೊದಲ ಐದು ನಿಮಿಷದಲ್ಲಿ ತೂಕ ಎಷ್ಟು ಇಳಿಯಿತು ಎಂದು ನೋಡಿದರೆ, 13ರಲ್ಲಿ ಆವಿಯ ಕೈವಾಡ ಎಷ್ಟು ಎಂಬುದು ತಿಳಿಯುತ್ತದೆ.

ಅಂದಹಾಗೆ, ಈ ನಿಯಮವನ್ನು 1701ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ನ್ಯೂಟನ್, ಕಾದ ಕಬ್ಬಿಣವನ್ನು ನಿಶ್ಚಲ ಗಾಳಿಯಲ್ಲಿ ಇಡದೆ ಒಂದೇ ಸಮನೆ ಬೀಸುವ ಗಾಳಿಯಲ್ಲಿಟ್ಟಿದ್ದರು. ಅಲ್ಲಿ ಆವಿಯ ಗೊಡವೆಯೇ ಇರಲಿಲ್ಲ. ನಿಯಮ ಚೊಕ್ಕವಾಗಿ ಹೊಂದುವುದು ಅಂಥ ಕಡೆಯೇ.

ಗುಂಪಿನ ಸದಸ್ಯೆ
ನನ್ನ ಫ್ಲಾಸ್ಕ್‌ನಲ್ಲಿ ಎರಡು ಗಂಟೆಗೇ ಚಹಾ ಆರಿಹೋಗುತ್ತದೆ. ಮುಚ್ಚಳದ ರಬ್ಬರ್ ಬದಲಿಸಬೇಕೇ?

ಭೌತಶಾಸ್ತ್ರ ಉಪನ್ಯಾಸಕಿ
ಬಿಸಿ ಚಹಾ ತುಂಬಿದಾಗ ಫ್ಲಾಸ್ಕ್‌ನ ಹೊರಮೈ ಬೆಚ್ಚಗಾಗುತ್ತದೆಯೇ ನೋಡಿ. ಬೆಚ್ಚಗಾದರೆ ಗೋಡೆಯೊಳಗಿನ ನಿರ್ವಾತವೇ ಹೋಗಿದೆ, ರಬ್ಬರ್ ಬದಲಿಸಿ ಪ್ರಯೋಜನವಿಲ್ಲ.

ಇನ್ನೊಬ್ಬ ಸದಸ್ಯ
ಚಹಾ ಕಪ್‌ಗೆ ಸುರಿಯುವಾಗಲೇ ಫೋನ್ ಬರುವುದು ನನ್ನ ಹಣೆಬರಹ. ಹತ್ತು ನಿಮಿಷ ಮಾತು. ಬಿಸಿಯಾಗಿಯೇ ಕುಡಿಯಬೇಕಾದರೆ ಹಾಲನ್ನು ಮೊದಲೇ ಹಾಕಿಡಲೇ, ಆಮೇಲೆ ಹಾಕಲೇ?

ಭೌತಶಾಸ್ತ್ರ ಉಪನ್ಯಾಸಕಿ
ಮೊದಲೇ ಹಾಕಿ. ಇದೇ ಅಂಕಿಗಳಿಂದ ನೋಡೋಣ: 200 ಮಿಲಿಲೀಟರ್ ಚಹಾ, ಕೋಣೆಯಷ್ಟೇ ಬಿಸಿಯಿರುವ 50 ಮಿಲಿಲೀಟರ್ ಹಾಲು.

ಆಮೇಲೆ ಹಾಕಿದರೆ ಹತ್ತು ನಿಮಿಷಕ್ಕೆ ಹೆಚ್ಚುವರಿ ಬಿಸಿ 38ಕ್ಕೆ ಇಳಿದಿರುತ್ತದೆ. ಅದು ಈಗ 250 ಮಿಲಿಲೀಟರಿಗೆ ಹಂಚಿಹೋಗಿ ಸುಮಾರು 30 ಆಗುತ್ತದೆ. ಚಹಾ 55 ಡಿಗ್ರಿ. ಮೊದಲೇ ಹಾಕಿದರೆ 60 ಎಂಬುದು ಹಂಚಿಹೋಗಿ ಆರಂಭದಲ್ಲೇ 48. ಇಲ್ಲಿಗೆ ಸೋತಂತೆ ಕಾಣುತ್ತದೆ. ಆದರೆ ಆರಬೇಕಾದದ್ದು ಈಗ ಕಾಲುಭಾಗ ಹೆಚ್ಚು. ಹಾಗಾಗಿ ಹತ್ತು ನಿಮಿಷದಲ್ಲಿ ಉಳಿಯುವ ಪಾಲು 0.63ರಿಂದ ಸುಮಾರು 0.7ಕ್ಕೆ ಏರುತ್ತದೆ. 48ರಲ್ಲಿ ಅಷ್ಟು ಎಂದರೆ ಸುಮಾರು 33, ಚಹಾ 58 ಡಿಗ್ರಿ. ಮೂರು ಡಿಗ್ರಿಯ ಲಾಭ. ಹಾಲು ಫ್ರಿಜ್‌ನಿಂದ ಬಂದದ್ದಾದರೆ ಇನ್ನೂ ಒಂದು ಡಿಗ್ರಿ ಸೇರಿಸಿಕೊಳ್ಳಿ.

ನಿವೃತ್ತ ಬಾಯ್ಲರ್ ಎಂಜಿನಿಯರ್
ಹಾಲು ಹಾಕಿದಾಗ ಕಪ್‌ನಲ್ಲಿ ಮಟ್ಟ ಏರಿ ಬಿಸಿಗೋಡೆಯೂ ಹೆಚ್ಚಾಗುತ್ತದಲ್ಲ ಮೇಡಂ. ಅಲ್ಲಿ ಸ್ವಲ್ಪ ಲಾಭ ಸೋರಿಹೋಗುತ್ತದೆ.

ಭೌತಶಾಸ್ತ್ರ ಉಪನ್ಯಾಸಕಿ
ಹೌದು, ಅದನ್ನು ಬಿಟ್ಟಿದ್ದೇನೆ. ಮೂರು ಎಂಬುದು ಎರಡಾಗಬಹುದು, ತಿರುವುಮುರುವಾಗದು.

ಪ್ರಶ್ನೆ ಕೇಳಿದವರು
ತಕ್ಕಡಿ ಇಲ್ಲ. ಅದರ ಬದಲು ಕಪ್ಪಿನ ಮೇಲೆ ತಟ್ಟೆ ಮುಚ್ಚಿ ಮತ್ತೆ ಅಳೆದೆ: 85, 76, 68, 61, 56. ಅನುಪಾತ 0.85, 0.84, 0.84, 0.86. ಮೊದಲನೆಯದು ಈಗ ಬೇರೆಯಾಗಿಲ್ಲ! ಹಾಗಾದರೆ ಆವಿಯೇ ಕಾರಣ ಎನ್ನಬಹುದೇ?

ನಿವೃತ್ತ ಬಾಯ್ಲರ್ ಎಂಜಿನಿಯರ್
ಅದೇ ಕಪ್ಪೇ? ತೊಳೆದ ಕೂಡಲೇ ಅಳೆದಿರೋ?

ಪ್ರಶ್ನೆ ಕೇಳಿದವರು
ಅದೇ ಕಪ್ಪು, ಬಿಸಿನೀರಿನಲ್ಲಿ ತೊಳೆದು ಕೂಡಲೇ ಚಹಾ ಸುರಿದೆ. ಏಕೆ?

ನಿವೃತ್ತ ಬಾಯ್ಲರ್ ಎಂಜಿನಿಯರ್
ಹಾಗಿದ್ದರೆ ಅಷ್ಟು ಬೇಗ ತೀರ್ಪು ಬೇಡ. ಮೊದಲ ಸಲ ಕಪ್ಪು ತಣ್ಣಗಿತ್ತು. ಕಾಲು ಕಿಲೋ ತೂಗುವ ಪಿಂಗಾಣಿ ಕಪ್ಪು ಬಿಸಿಯಾಗಲು ಸುಮಾರು 50 ಮಿಲಿಲೀಟರ್ ನೀರಿಗೆ ಬೇಕಾದಷ್ಟೇ ಶಾಖ ಕುಡಿಯುತ್ತದೆ. 95 ಡಿಗ್ರಿಯ ಚಹಾ ಅದಕ್ಕೆ ಬಿದ್ದರೆ, ಗಾಳಿಗೆ ಏನೂ ಹೋಗದಿದ್ದರೂ ಇಬ್ಬರೂ ಸಮವಾಗುವ ಹೊತ್ತಿಗೆ 81ಕ್ಕೆ ಬಂದಿರುತ್ತದೆ. ನೀವು 85 ಎಂದು ಬರೆದುಕೊಂಡಾಗ ಕಪ್ಪು ಪೂರ್ತಿ ಕಾದಿತ್ತೆಂದು ಯಾರು ಹೇಳಬೇಕು? ಮೊದಲ ಐದು ನಿಮಿಷದಲ್ಲಿ ಕಳೆದುಹೋದ ಒಂದೆರಡು ಡಿಗ್ರಿ ಗೋಡೆಯೊಳಗೇ ಇರಬಹುದು.

ಭೌತಶಾಸ್ತ್ರ ಉಪನ್ಯಾಸಕಿ
ಸರಿಯಾದ ಆಕ್ಷೇಪ. ತಟ್ಟೆ ಮುಚ್ಚಿದ್ದು, ಕಪ್ಪು ಬಿಸಿಯಿದ್ದದ್ದು, ಎರಡೂ ಒಟ್ಟಿಗೇ ಬದಲಾಗಿವೆ. ಯಾವುದರಿಂದ ಏನಾಯಿತು ಎಂದು ಈ ಅಂಕಿಗಳಿಂದ ಬಿಡಿಸಲಾಗದು. ಕಪ್ಪನ್ನು ಹಾಗೆಯೇ ಬಿಸಿನೀರಿನಲ್ಲಿ ಕಾಯಿಸಿ, ತಟ್ಟೆ ಮುಚ್ಚದೆ ಒಮ್ಮೆ ಅಳೆಯಿರಿ. ಮೊದಲ ಅನುಪಾತ ಮತ್ತೆ 0.78ರ ಹತ್ತಿರ ಬಂದರೆ ಆವಿ, 0.81ಕ್ಕೆ ಏರಿದರೆ ಕಪ್ಪು. ಥರ್ಮಾಮೀಟರ್ ಓದುವ ಮುನ್ನ ಪ್ರತಿ ಸಲವೂ ಚಹಾವನ್ನು ಒಮ್ಮೆ ಕಲಕಿ. ಮೇಲ್ಪದರಕ್ಕೂ ತಳಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸವಿದ್ದರೆ ಇಷ್ಟು ಸಣ್ಣ ಅಂತರ ಅದರಲ್ಲೇ ಮುಳುಗಿಹೋಗುತ್ತದೆ.

ಪ್ರಶ್ನೆ ಕೇಳಿದವರು
ಕಲಕಿರಲಿಲ್ಲ. ನಾಳೆ ಅಳೆದು ಹಾಕುತ್ತೇನೆ.