‘ಓವರ್‌ಶೂಟಿಂಗ್’ಗೆ ‘ಅತಿಯೇರಿಕೆ’ ಸಾಲುತ್ತದೆಯೇ?

ಗೆಳೆಯರೇ,

ಧಾರವಾಡದಲ್ಲಿ ಬಿ.ಎ. ಅರ್ಥಶಾಸ್ತ್ರದ ಮಕ್ಕಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ವಿನಿಮಯ ದರದ ಬಗ್ಗೆ ಅರ್ಥಶಾಸ್ತ್ರಜ್ಞ ರೂಡಿಗರ್ ಡಾರ್ನ್‌ಬುಷ್ 1976ರಲ್ಲಿ ಬರೆದ ವಿಷಯಕ್ಕೆ ಬಂದು ನಿಂತಿದ್ದೇನೆ. ‘ಓವರ್‌ಶೂಟಿಂಗ್’ ಎಂಬಲ್ಲಿ ‘ಅತಿಯೇರಿಕೆ’ ಎಂದು ಬರೆದಿದ್ದೆ. ಒಬ್ಬ ಹುಡುಗಿ ಓದಿ, “ಡಾಲರ್ ಜಾಸ್ತಿ ಏರಿತು ಅಂತ ತಾನೇ ಮೇಡಂ?” ಎಂದಳು. ಅಷ್ಟೇ ಅಲ್ಲವಲ್ಲ!

ಲೆಕ್ಕ ಹೀಗಿದೆ. ಡಾಲರಿಗೆ 80 ರೂಪಾಯಿ, ಎರಡೂ ದೇಶಗಳ ಬಡ್ಡಿ ಸಮ ಎನ್ನಿ. ಇಲ್ಲಿ ಹಣದ ಪ್ರಮಾಣ ಶೇ 5 ಹೆಚ್ಚಿತು, ಮತ್ತೆ ಇಳಿಯುವುದಿಲ್ಲ. ಕೊನೆಗೆ ಬೆಲೆಗಳೆಲ್ಲ ಶೇ 5 ಏರಿ, ಡಾಲರ್ 84ಕ್ಕೆ ನಿಲ್ಲುತ್ತದೆ. ಆದರೆ ಖಾನಾವಳಿ ಊಟದ ದರ, ಮನೆ ಬಾಡಿಗೆ, ಕೂಲಿ ಇವತ್ತೇ ಏರುವುದಿಲ್ಲ. ಹಣ ಹೆಚ್ಚಿದೆ, ಬೆಲೆ ಹಳೆಯದೇ ಇದೆ. ಹಾಗಾಗಿ ಬಡ್ಡಿ ಇಳಿಯುತ್ತದೆ. ಹೊರದೇಶದ ಬಡ್ಡಿಗಿಂತ ವರ್ಷಕ್ಕೆ ಶೇ 2 ಕಡಿಮೆಯಾಯಿತು ಎಂದುಕೊಳ್ಳಿ. ಈಗ ರೂಪಾಯಿಯಲ್ಲಿ ದುಡ್ಡು ಯಾರು ಇಡುತ್ತಾರೆ? ಮುಂದೆ ರೂಪಾಯಿ ಶೇ 2 ಚೇತರಿಸುತ್ತದೆ ಎಂದು ನಂಬಿದವರು ಮಾತ್ರ. ಚೇತರಿಸಿ 84ಕ್ಕೆ ಬರಬೇಕಾದರೆ ಮೊದಲು 84ನ್ನು ದಾಟಿ ಕುಸಿದಿರಬೇಕು. ಬೆಲೆಗಳು ಒಂದು ವರ್ಷದಲ್ಲಿ ಸರಿಹೊಂದುತ್ತವೆ ಎಂದರೆ, ಡಾಲರ್ ಇವತ್ತೇ ಸುಮಾರು 85.70ಕ್ಕೆ ಹೋಗಿ ಆಮೇಲೆ ಮೆಲ್ಲಗೆ 84ಕ್ಕೆ ಇಳಿಯುತ್ತದೆ.

ಈ ದಾಟುವುದು, ಮರಳುವುದು ಎರಡನ್ನೂ ಹಿಡಿಯುವ ಪದ ಯಾವುದು?

ಗದಗದಿಂದ

‘ಏರಿಳಿತ’ ಇದೆಯಲ್ಲ, ಮೇಡಂ. ಏರುವುದೂ ಬಂತು, ಇಳಿಯುವುದೂ ಬಂತು. ಜನ ಗಾಬರಿಯಾಗಿ ಡಾಲರ್ ಕೊಳ್ಳುತ್ತಾರೆ, ಗಾಬರಿ ಹೋದ ಮೇಲೆ ದರ ಇಳಿಯುತ್ತದೆ. ಸುಮ್ನೆ ಹೊಸ ಪದ ಯಾಕೆ?

ಬ್ಯಾಡಗಿಯಿಂದ

ಅಕ್ಕೋರೇ, ನಮ್ಮ ಮೆಣಸಿನಕಾಯಿ ಪೇಟೆಯಲ್ಲೂ ಹೀಗೇ ಆಗುತ್ತದೆ. ಆವಕ ಕಡಿಮೆ ಎಂಬ ಸುದ್ದಿ ಬಂದರೆ ದರ ಹಾರುತ್ತದೆ, ಚೀಲ ಬಂದು ಬಿದ್ದ ಮೇಲೆ ಇಳಿಯುತ್ತದೆ. ‘ದರ ಹಾರಿತು’ ಅನ್ನುತ್ತೇವೆ. ನನ್ನದೊಂದು ಪ್ರಶ್ನೆ. ಹೊರದೇಶಕ್ಕೆ ಕಳಿಸಿದ ಮಾಲಿನ ದುಡ್ಡು ಮೂರು ತಿಂಗಳಿಗೆ ಡಾಲರಿನಲ್ಲಿ ಬರಬೇಕು. ಡಾಲರ್ ಏರಿದೆ. ನೀವು ಹೇಳಿದಂತೆ ಇಳಿಯುವುದಾದರೆ ಆಗ ಸಿಗುವ ದರವನ್ನು ಈಗಲೇ ಗೊತ್ತುಮಾಡಿಕೊಂಡು ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡಿಬಿಡಲೇ?

ಹುಬ್ಬಳ್ಳಿಯಿಂದ, ನಿವೃತ್ತ ಮೇಷ್ಟ್ರು

ತಂಗೀ, ‘ಅತಿಯೇರಿಕೆ’ ಬಿಡು. ಹಣದ ಪ್ರಮಾಣ ಇಳಿಸಿ ಬಿಗಿ ಮಾಡಿದರೆ ಇದೇ ಆಟ ತಿರುಗಿ ನಡೆಯುತ್ತದೆ. ಆಗ ಡಾಲರ್ ಬೇಕಾದ್ದಕ್ಕಿಂತ ಹೆಚ್ಚು ಇಳಿದು ಮತ್ತೆ ಮೇಲೆ ಬರುತ್ತದೆ. ಅದನ್ನು ಏರಿಕೆ ಎನ್ನಲಾದೀತೇ?

ಗದಗದ ಗೆಳೆಯರು ಮರಳುವುದನ್ನು ಹಿಡಿದದ್ದು ಸರಿ. ಆದರೆ ‘ಏರಿಳಿತ’ದಲ್ಲಿ 84 ಎಲ್ಲಿದೆ? ಎಲ್ಲಿಗೆ ಹೋಗಿ ನಿಲ್ಲಬೇಕಿತ್ತು ಎಂಬುದೇ ಈ ಮಾತಿನ ಜೀವ. ಮತ್ತೆ, ಇಲ್ಲಿ ಗಾಬರಿ ಬೇಕಿಲ್ಲ. 84 ಎಲ್ಲರಿಗೂ ಗೊತ್ತಿದ್ದರೂ, ಎಲ್ಲರೂ ಸರಿಯಾಗಿ ಲೆಕ್ಕ ಹಾಕಿದರೂ ದರ ದಾಟುತ್ತದೆ. ಸರಕಿನ ಬೆಲೆ ಅಲುಗುತ್ತಿಲ್ಲ, ಅದರ ಪಾಲಿನ ಓಟವನ್ನೂ ವಿನಿಮಯ ದರವೇ ಓಡಬೇಕು. ಮೆಣಸಿನಕಾಯಿ ದರ ಇಳಿಯಲು ಹೊಸ ಸುದ್ದಿ ಬೇಕು, ಇಲ್ಲಿ ಬೇಡ. ‘ಎಲ್ಲೆ ಮೀರು’ ಎಂದರೆ ತಪ್ಪು ಮಾಡಿದ ಹಾಗೆ ಕೇಳುತ್ತದೆ, ‘ಗುರಿ’ ಎಂದರೆ ಯಾರೋ ಇಟ್ಟದ್ದು ಎನಿಸುತ್ತದೆ. ನನಗೆ ‘ನೆಲೆಮೀರಿಕೆ’ ಹಿಡಿಸುತ್ತದೆ. ‘ರೂಪಾಯಿ ನೆಲೆ ಮೀರಿ ಕುಸಿಯಿತು’ ಎಂದು ಸಲೀಸಾಗಿ ಬರೆಯಬಹುದು.

ದರ ಮೊದಲ ದಿನವೇ ಹಾರುತ್ತದೆ ಎಂದು ‘ಜಿಗಿತ’ವನ್ನು ಮಾತ್ರ ಪದದೊಳಗೆ ಸೇರಿಸಬೇಡ. ಐಕೆನ್‌ಬಾಮ್ ಮತ್ತು ಇವಾನ್ಸ್ ಎಂಬ ಅರ್ಥಶಾಸ್ತ್ರಜ್ಞರು 1995ರಲ್ಲಿ ಅಮೆರಿಕದ ಅಂಕಿ ಅಂಶ ನೋಡಿದಾಗ, ಹಣ ಬಿಗಿಯಾದ ದಿನವೇ ಡಾಲರ್ ತುದಿ ಮುಟ್ಟಲಿಲ್ಲ. ಎರಡು ಮೂರು ವರ್ಷ ಬಲವಾಗುತ್ತಲೇ ಹೋಯಿತು. ಡಾರ್ನ್‌ಬುಷ್ ಲೆಕ್ಕದ ಪ್ರಕಾರ ಮೊದಲ ದಿನವೇ ತುದಿ ಮುಟ್ಟಿ ಆಮೇಲೆ ಸಡಿಲವಾಗಬೇಕಿತ್ತು.

ಬ್ಯಾಡಗಿಯವರೇ, ಈ ಲೆಕ್ಕ ನಂಬಿ ಬುಕ್ ಮಾಡಬೇಡಿ. ಡಾಲರ್ ಏರಿದ್ದು ಹಣದ ಪ್ರಮಾಣದಿಂದಲೋ, ಎಣ್ಣೆ ಬೆಲೆಯಿಂದಲೋ ಎಂದು ದರ ನೋಡಿದರೆ ತಿಳಿಯುವುದಿಲ್ಲ. ರಿಸರ್ವ್ ಬ್ಯಾಂಕ್ ಕೂಡ ನಡುವೆ ಡಾಲರ್ ಕೊಳ್ಳುತ್ತದೆ, ಮಾರುತ್ತದೆ. ಮೇಲಾಗಿ ಬಡ್ಡಿಯ ಅಂತರ ಫಾರ್ವರ್ಡ್ ದರದಲ್ಲೇ ಸೇರಿರುತ್ತದೆ. ತಂಗಿಯ ಲೆಕ್ಕದಲ್ಲಿ ಇವತ್ತಿನ ದರ 85.70 ಇದ್ದರೂ ಒಂದು ವರ್ಷದ ಫಾರ್ವರ್ಡ್ 84ರ ಹತ್ತಿರವೇ ಸಿಗುತ್ತದೆ. ದರದ ಚಿಂತೆ ಬೇಡ ಎನಿಸಿದರೆ ಬುಕ್ ಮಾಡಿ, ಲಾಭದ ಆಸೆಗೆ ಬೇಡ.

ಧಾರವಾಡದಿಂದ ಮತ್ತೆ

ಸರ್, ‘ನೆಲೆಮೀರಿಕೆ’ ಎಂದು ತಿದ್ದಿ ಅದೇ ಹುಡುಗಿಗೆ ಓದಲು ಕೊಟ್ಟೆ. ಈ ಸಲ ಮರಳುವುದು ಅವಳಿಗೆ ತಿಳಿಯಿತು. ಆದರೆ, “84 ಇನ್ನೂ ಬಂದೇ ಇಲ್ಲ. ಮುಂದೆ ಬರುವ ನೆಲೆಯನ್ನು ಇವತ್ತೇ ಮೀರಿತು ಅನ್ನೋದು ಹೇಗೆ?” ಎಂದು ಕೇಳಿದಳು. ‘ಮುನ್ನೆಲೆ’ ಎಂದರೆ ಬೇರೆಯೇ ಅರ್ಥ ಬರುತ್ತದೆ. ‘ಕೊನೆನೆಲೆ’ ಎಂದರೆ ಹೇಗೆ? ಕಿವಿಗೆ ಒರಟು ಎನಿಸುತ್ತಿದೆ.