ಜೆಇಇ ಮೇನ್: 138 ಬಂದವಳು ಮುಂದೆ, 146 ಬಂದವನು ಹಿಂದೆ, ಇದು ಹೆಂಗೆ?

ಮಂಜುನಾಥ, ಹಾಸನ: ನನ್ನ ಮಗಳಿಗೆ ಜನವರಿ ಜೆಇಇ ಮೇನ್‌ನಲ್ಲಿ 300ಕ್ಕೆ 138, ಪರ್ಸೆಂಟೈಲ್ 95.5 ಹತ್ರ. ಅವಳ ಕ್ಲಾಸ್‌ಮೇಟ್‌ಗೆ 146, ಅವನಿಗೆ ಬರೀ 94.5. ರಿಸಲ್ಟ್ ತಪ್ಪಾಗಿದ್ಯಾ? 95.5ಕ್ಕೆ ರ‍್ಯಾಂಕ್ ಎಷ್ಟು ಬರಬಹುದು?

ಶೈಲಜಾ, ಪಿಯು ಗಣಿತ ಉಪನ್ಯಾಸಕಿ: ತಪ್ಪಾಗಿಲ್ಲ ಸರ್. ಇಬ್ರೂ ಬೇರೆ ಬೇರೆ ಶಿಫ್ಟ್‌ನಲ್ಲಿ ಬರ್ದಿರ್ತಾರೆ, ಅಂದ್ರೆ ಬರ್ದಿದ್ದೇ ಬೇರೆ ಬೇರೆ ಪೇಪರ್. ಮಗಳ ಶಿಫ್ಟ್‌ನಲ್ಲಿ 1,20,000 ಮಕ್ಕಳು ಪರೀಕ್ಷೆಗೆ ಕೂತಿದ್ರು ಅಂದ್ಕೊಳ್ಳಿ, ಅದರಲ್ಲಿ 138 ಅಥವಾ ಅದಕ್ಕಿಂತ ಕಡಿಮೆ ತಗೊಂಡವರು 1,14,600 (ಮಗಳೂ ಅದರಲ್ಲೇ ಸೇರ್ತಾಳೆ). ಲೆಕ್ಕ ಇಷ್ಟೇ:

```
1,14,600 ÷ 1,20,000 × 100 = 95.5
```

ಅಂದ್ರೆ ಅವಳ ಮುಂದೆ 5,400 ಜನ ಇದಾರೆ. ಆ ಹುಡುಗನ ಪೇಪರ್ ಸ್ವಲ್ಪ ಸುಲಭ ಇದ್ದು ಎಲ್ಲರೂ ಚೆನ್ನಾಗಿ ಮಾಡಿದ್ರೆ, ಅಷ್ಟೇ ಜನ ಬರ್ದ ಶಿಫ್ಟ್‌ನಲ್ಲಿ 146 ದಾಟಿದವರೇ 6,600 ಜನ ಆಗಿರಬಹುದು, ಆಗ ಅವನಿಗೆ 94.5. 8 ಮಾರ್ಕ್ಸ್ ಜಾಸ್ತಿ ಬಂದ್ರೂ ಅವನ ಸಾಲಲ್ಲಿ ಅವನ ಮುಂದೆ ಜಾಸ್ತಿ ಜನ ನಿಂತಿದಾರೆ.

ಇನ್ನು ರ‍್ಯಾಂಕ್. 2025ರಲ್ಲಿ ಎರಡೂ ಸೆಷನ್ ಸೇರಿ ಬರೆದವರು ಸುಮಾರು 14.75 ಲಕ್ಷ. 95.5 ಅಂದ್ರೆ ಮುಂದೆ 4.5 ಪರ್ಸೆಂಟ್ ಜನ, ಅಷ್ಟು ಜನಕ್ಕೆ ಲೆಕ್ಕ ಹಾಕಿದ್ರೆ 66 ಸಾವಿರದ ಆಸುಪಾಸು. ಆ ಹುಡುಗಂಗೆ 81 ಸಾವಿರ. ಆದ್ರೆ ಇದು ಅಂದಾಜು ಮಾತ್ರ, ನಿಜವಾದ ರ‍್ಯಾಂಕ್ ಏಪ್ರಿಲ್ ಸೆಷನ್ ಮುಗಿದ್ಮೇಲೆ ಪ್ರತಿಯೊಬ್ಬರದ್ದೂ ಎರಡರಲ್ಲಿ ಬೆಸ್ಟ್ ಯಾವ್ದೋ ಅದನ್ನ ತಗೊಂಡು ಕೊಡ್ತಾರೆ, ಕೆಲವು ಸಾವಿರ ಹಿಂದೆ ಮುಂದೆ ಆಗತ್ತೆ.

ಪ್ರವೀಣ್: ಈಸಿ ಶಿಫ್ಟ್ ಅವರದ್ದು ಮಾರ್ಕ್ಸ್ ಕಟ್ ಮಾಡಿ ಟಫ್ ಶಿಫ್ಟ್ ಅವರಿಗೆ ಸೇರಿಸ್ತಾರೆ, ಅದನ್ನೇ ನಾರ್ಮಲೈಸೇಷನ್ ಅನ್ನೋದು.

ಶೈಲಜಾ: ಪೇಪರ್ ಕಷ್ಟ ಸುಲಭ ಸರಿದೂಗಿಸೋದಕ್ಕೆ ಅನ್ನೋದು ಸರಿ ಪ್ರವೀಣ್, ಆದ್ರೆ ಯಾರ ಮಾರ್ಕ್ಸನ್ನೂ ಮುಟ್ಟಲ್ಲ. ಆಯಾ ಶಿಫ್ಟ್ ಒಳಗೆ ಎಷ್ಟನೇ ಜಾಗ ಅಂತ ನೋಡಿ ಆ ಜಾಗಗಳನ್ನ ಮಾತ್ರ ಒಟ್ಟು ಸೇರಿಸ್ತಾರೆ, ಅದಕ್ಕೇ ಪ್ರತಿ ಶಿಫ್ಟ್‌ನಲ್ಲೂ ಫಸ್ಟ್ ಬಂದವರಿಗೆ 100 ಸಿಗೋದು, ಅವರ ಮಾರ್ಕ್ಸ್ 300 ಇರ್ಲಿ 290 ಇರ್ಲಿ.

ಗೀತಾ, ಶಿವಮೊಗ್ಗ: ನಮ್ಮ ಹುಡುಗಂಗೆ ಸಿಇಟಿಲಿ ಒಳ್ಳೆ ಮಾರ್ಕ್ಸ್ ಇತ್ತು, ಪಿಯುಸಿ ಮಾರ್ಕ್ಸ್ ಸೇರ್ಸಿ ರ‍್ಯಾಂಕ್ ಹಿಂದೆ ಹೋಯ್ತು. ಇಲ್ಲೂ ಹಂಗೇ ಬೋರ್ಡ್ ಮಾರ್ಕ್ಸ್ ಸೇರಿಸಿರಬೇಕು.

ಶೈಲಜಾ: ಇಲ್ಲ ಗೀತಾ ಅವ್ರೇ, ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ ಅರ್ಧ ಸಿಇಟಿ, ಅದು ನಿಜ. ಜೆಇಇ ಮೇನ್ ರ‍್ಯಾಂಕಿಗೆ ಬೋರ್ಡ್ ಮಾರ್ಕ್ಸ್ ಸೇರಲ್ಲ, ಎನ್‌ಐಟಿ ಸೀಟು ತಗೊಳ್ಳೋಕೆ ಅರ್ಹತೆ ಅಂತ ಮಾತ್ರ ನೋಡ್ತಾರೆ.

ಮಂಜುನಾಥ: ಮೇಡಂ ಇನ್ನೊಂದು ಡೌಟು. ಸ್ಕೋರ್ ಕಾರ್ಡಲ್ಲಿ ಫಿಸಿಕ್ಸ್ 94, ಕೆಮಿಸ್ಟ್ರಿ 92, ಮ್ಯಾಥ್ಸ್ 93 ಇದೆ. ಮೂರನ್ನೂ ಕೂಡಿ ಭಾಗಿಸಿದ್ರೆ 93 ಬರ್ಬೇಕಲ್ವಾ, 95.5 ಹೆಂಗಾಯ್ತು? ಕೋಚಿಂಗ್ ಸೆಂಟರ್‌ನಲ್ಲಿ ಕೇಳಿದ್ರೆ ಕಂಪ್ಯೂಟರ್ ಮಾಡೋದು ಅಂದ್ರು.

ಶೈಲಜಾ: ಪರ್ಸೆಂಟೈಲ್‌ಗಳನ್ನ ಸರಾಸರಿ ಮಾಡೋ ಹಂಗಿಲ್ಲ ಸರ್. ಒಟ್ಟು 138 ಮಾರ್ಕ್ಸ್ ಇಟ್ಕೊಂಡು ಸಾಲನ್ನ ಹೊಸದಾಗಿ ನಿಲ್ಲಿಸ್ತಾರೆ. ಫಿಸಿಕ್ಸ್ ಸಾಲಲ್ಲಿ ಮಗಳ ಮುಂದೆ ನಿಂತವರಲ್ಲಿ ಎಷ್ಟೋ ಜನ ಮ್ಯಾಥ್ಸಲ್ಲಿ ಮುಗ್ಗರಿಸಿರ್ತಾರೆ, ಮ್ಯಾಥ್ಸ್ ಚೆನ್ನಾಗಿ ಮಾಡಿದವರು ಕೆಮಿಸ್ಟ್ರಿ ಬಿಟ್ಟಿರ್ತಾರೆ. ಮೂರನ್ನೂ ಸಮನಾಗಿ ಮಾಡಿರೋ ಮಕ್ಕಳು ಕಡಿಮೆ, ಅದಕ್ಕೇ ಒಟ್ಟು ಸಾಲಲ್ಲಿ ಅವಳು ಮುಂದೆ ಬಂದಿದಾಳೆ. ಒಂದೇ ವಿಷಯದಲ್ಲಿ ತುಂಬಾ ಹಿಂದೆ ಬಿದ್ದವರಿಗೆ ಇದು ಉಲ್ಟಾನೂ ಆಗಬಹುದು.

ಪ್ರವೀಣ್: ಸರಿ, ಆದ್ರೆ ಒಂದು ಶಿಫ್ಟ್‌ಗೇ ಬುದ್ಧಿವಂತ ಮಕ್ಕಳು ಜಾಸ್ತಿ ಬಂದ್ಬಿಟ್ರೆ?

ಶೈಲಜಾ: ಅದಕ್ಕೆ ಈ ಲೆಕ್ಕದಲ್ಲಿ ಪರಿಹಾರ ಇಲ್ಲ. ಲಕ್ಷಕ್ಕೂ ಮೇಲೆ ಮಕ್ಕಳನ್ನ ಹಂಚಿದ್ರೆ ಎಲ್ಲಾ ಶಿಫ್ಟೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರತ್ತೆ ಅನ್ನೋ ನಂಬಿಕೆ ಮೇಲೇ ಇದು ನಿಂತಿರೋದು. ನನಗೆ ಮಧ್ಯದ ಸಾಲಿಗೆ ಅದು ಸರಿ ಅನ್ಸತ್ತೆ, ತೀರಾ ಮೇಲೆ, 99.9 ದಾಟಿದಲ್ಲಿ ಶಿಫ್ಟ್‌ಗೆ ನೂರಿಪ್ಪತ್ತು ಮಕ್ಕಳಷ್ಟೇ ಇರೋದ್ರಿಂದ ಅಲ್ಲಿ ಮಾತ್ರ ಅನುಮಾನ ಇದ್ದೇ ಇದೆ.

ಪ್ರವೀಣ್: ನಾನಂತೂ ಒಪ್ಪಲ್ಲ ಮೇಡಂ, ಎಲ್ಲರಿಗೂ ಒಂದೇ ದಿನ ಒಂದೇ ಪೇಪರ್ ಕೊಡ್ಬೇಕು.

ಮಂಜುನಾಥ: ಸುರತ್ಕಲ್ ಎನ್‌ಐಟಿಗೆ ಎಷ್ಟು ಪರ್ಸೆಂಟೈಲ್ ಬೇಕು ಮೇಡಂ?

ಶೈಲಜಾ: ಅಲ್ಲಿ ಪರ್ಸೆಂಟೈಲ್ ಹುಡುಕ್ಬೇಡಿ. ಎನ್‌ಐಟಿ ಸೀಟು ಹಂಚೋ ಜೋಸಾ ಸೈಟಲ್ಲಿ ಹೋದ ವರ್ಷದ ಕೊನೇ ಸೀಟು ಎಷ್ಟನೇ ಜಾಗದವರಿಗೆ ಸಿಕ್ತು ಅನ್ನೋ ಕ್ಲೋಸಿಂಗ್ ರ‍್ಯಾಂಕ್ ಇರತ್ತೆ, ಅದರಲ್ಲಿ ಹೋಮ್ ಸ್ಟೇಟ್ ಕೋಟಾ ಇರೋ ಸಾಲು ನೋಡಿ, ಮಗಳು ಪಿಯುಸಿ ಇಲ್ಲೇ ಓದಿದ್ರೆ ಅವಳಿಗೆ ಅನ್ವಯ ಆಗೋದು ಅದೇ. ಜನರಲ್ ಆಗಿದ್ರೆ 66 ಸಾವಿರವನ್ನ ಅದರ ಪಕ್ಕ ಇಟ್ಟು ನೋಡಿ, ರಿಸರ್ವೇಷನ್ ಇದ್ರೆ ಅಲ್ಲಿರೋದು ಕೆಟಗರಿ ರ‍್ಯಾಂಕು, ಅದಕ್ಕೆ ಈ ಅಂದಾಜು ನಡೆಯಲ್ಲ. ಏಪ್ರಿಲ್ ಪರೀಕ್ಷೆನೂ ಬರ್ಸಿ, ಅಲ್ಲಿ ಕಡಿಮೆ ಬಂದ್ರೂ ಈ 95.5 ಎಲ್ಲೂ ಹೋಗಲ್ಲ.