ಪದ ಬೇಕು: ಮೋಡಸ್ ಪೊನೆನ್ಸ್, ಮೋಡಸ್ ಟೋಲೆನ್ಸ್ (ನಾಳೆ ಬೆಳಿಗ್ಗೆಯೊಳಗೆ)

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಪಿಯುಸಿ ತರ್ಕಶಾಸ್ತ್ರದ ಮಕ್ಕಳಿಗಾಗಿ ಒಂದು ಅಭ್ಯಾಸದ ಹಾಳೆ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಹತ್ತಕ್ಕೆ ಅಚ್ಚಿಗೆ ಹೋಗಬೇಕು. ಮೋಡಸ್ ಪೊನೆನ್ಸ್, ಮೋಡಸ್ ಟೋಲೆನ್ಸ್, ಹೈಪೊಥೆಟಿಕಲ್ ಸಿಲಾಜಿಸಂ, ಈ ಮೂರಕ್ಕೂ ಹೆಸರು ಬೇಕು. ಬಲಗಡೆ ಕಾರಣ ಬರೆಯುವ ಕಾಲಂ ಹೆಬ್ಬೆರಳಗಲ ಇದೆ ಅಷ್ಟೆ, ಉದ್ದನೆಯ ಸಮಾಸ ಹಿಡಿಸುವುದಿಲ್ಲ.

ವಾದ ಹೀಗಿದೆ. ಮಳೆ ಬಂದರೆ ಹಳ್ಳ ತುಂಬುತ್ತದೆ. ಹಳ್ಳ ತುಂಬಿದರೆ ಬಸ್ಸು ಬರುವುದಿಲ್ಲ. ಬಸ್ಸು ಬಂದಿದೆ. ಮಳೆ ಬಾರದಿದ್ದರೆ ಒಕ್ಕಣೆ ನಡೆಯುತ್ತದೆ. ಆದ್ದರಿಂದ ಒಕ್ಕಣೆ ನಡೆಯುತ್ತದೆ.

```
1. P → Q
2. Q → ¬R
3. R
4. ¬P → S     ∴ S
5. P → ¬R     1, 2  ?
6. ¬P         5, 3  ?
7. S          4, 6  ?
```

ಪ್ರಶ್ನೆಚಿಹ್ನೆ ಇರುವಲ್ಲಿ ಏನು ಬರೆಯಲಿ?

ಅಚ್ಚಗನ್ನಡಿಗ:
ಲ್ಯಾಟಿನ್ ಏಕೆ, ಸಂಸ್ಕೃತ ಏಕೆ? ಪೊನೆರೆ ಅಂದರೆ ಇಡು, ಟೋಲೆರೆ ಅಂದರೆ ಎತ್ತಿ ತೆಗೆ. ಮೊದಲನೆಯದು 'ಇಡುಕಟ್ಟಳೆ', ಎರಡನೆಯದು 'ತೊಲಗುಕಟ್ಟಳೆ'. ನಮ್ಮ ತೊಲಗು ಮತ್ತು ಅವರ ಟೋಲೆರೆ ಒಂದೇ ಬೇರಿನವು, ಕಿವಿಗೇ ಗೊತ್ತಾಗುತ್ತದೆ.

ನ್ಯಾಯಪ್ರಿಯ:
ಕಿವಿಯಿಂದ ನಿರುಕ್ತ ಮಾಡಬಾರದು. ಟೋಲೆರೆಯ ನಂಟು ಸಂಸ್ಕೃತದ ತುಲಾದ ಜೊತೆ, ತಕ್ಕಡಿಯಲ್ಲಿ ಎತ್ತುವ ಅರ್ಥದಲ್ಲಿ. ತೊಲಗು ದ್ರಾವಿಡ ಮಾತು. ಇನ್ನು ಪದ: ನಮ್ಮಲ್ಲಿ ಸಿದ್ಧವಾಗಿಯೇ ಇದೆಯಲ್ಲ! ಪೊನೆನ್ಸ್ ಅನ್ವಯ, ಟೋಲೆನ್ಸ್ ವ್ಯತಿರೇಕ. ಮುಗಿಯಿತು.

ಹಳ್ಳದ ದಂಡೆಯವ:
ನನಗೆ ವಾದವೇ ಒಪ್ಪಿಗೆಯಿಲ್ಲ. ನಮ್ಮೂರ ಮೇಲುಗಡೆ ಚೆಕ್‌ಡ್ಯಾಮ್ ಕಟ್ಟಿದ ಮೇಲೆ ಮಳೆ ಬಂದರೂ ಹಳ್ಳ ತುಂಬಲ್ಲ. 'ಮಳೆ ಬಂದರೆ ಮಾತ್ರ ಹಳ್ಳ ತುಂಬುತ್ತದೆ' ಅಂತ ತಿದ್ದಿಬಿಡಿ ತಾಯಿ, ವಾಕ್ಯಕ್ಕೂ ತೂಕ ಬರುತ್ತೆ.

ನಿವೃತ್ತ ಮೇಷ್ಟ್ರು:
ಆ 'ಮಾತ್ರ' ಹಾಕಬೇಡಿಮ್ಮ, ಬಾಣ ತಿರುಗಿಬೀಳುತ್ತದೆ. 'ಬಂದರೆ ಮಾತ್ರ ತುಂಬುತ್ತದೆ' ಅಂದರೆ Q → P. ಆಗ ಮೊದಲೆರಡು ಸಾಲು ಒಂದಕ್ಕೊಂದು ಕೊಂಡಿಯಾಗುವುದಿಲ್ಲ, ಐದನೆಯ ಸಾಲು ಹುಟ್ಟುವುದೇ ಇಲ್ಲ. ನಿಮ್ಮೂರ ಹಳ್ಳ ತುಂಬದಿದ್ದರೆ ಒಂದನೆಯ ವಾಕ್ಯ ಸುಳ್ಳು, ಸರಿ. ವಾದದ ಸಿಂಧುತ್ವ ಅದರಿಂದ ಕೆಡುವುದಿಲ್ಲ. ನಾಲ್ಕೂ ವಾಕ್ಯ ನಿಜವಾಗಿದ್ದು ತೀರ್ಮಾನ ಸುಳ್ಳಾಗಬಲ್ಲದೇ ಅನ್ನುವುದಷ್ಟೇ ಪ್ರಶ್ನೆ.

ನ್ಯಾಯಪ್ರಿಯರೇ, ಅರ್ಧ ಸರಿ ಹೇಳಿದಿರಿ. 'ಹೊಗೆ ಇದ್ದಲ್ಲೆಲ್ಲ ಬೆಂಕಿ', 'ಬೆಂಕಿ ಇಲ್ಲದ ಕೆರೆಯಲ್ಲಿ ಹೊಗೆಯೂ ಇಲ್ಲ', ಇವೆರಡೂ ವ್ಯಾಪ್ತಿಯನ್ನು ಹೇಳುವ ವಾಕ್ಯಗಳು. ಒಂದು ಸಾಲಿಂದ ಇನ್ನೊಂದಕ್ಕೆ ಇಳಿಸುವ ನಿಯಮಗಳಲ್ಲ. P → Q ನೋಡಿ ¬Q → ¬P ಬರೆದರೆ ಅದು ಬೇರೆಯೇ ನಿಯಮ. ಟೋಲೆನ್ಸ್‌ಗೆ ¬Q ಒಂದು ಸಾಲಾಗಿ ಕೈಯಲ್ಲಿರಬೇಕು.

ಹೆಸರಿಗಿಂತ ಮೊದಲು ಆರನೆಯ ಸಾಲು ನೋಡಿ. ಐದರ ಬಾಲದಲ್ಲಿರುವುದು ¬R. ಅದನ್ನು ನಿರಾಕರಿಸಿದರೆ ¬¬R ಆಗುತ್ತದೆ. ನಿಮ್ಮ ಹತ್ತಿರ ಇರುವುದು ಬರೀ R. ಕಟ್ಟುನಿಟ್ಟಿನ ಪರೀಕ್ಷಕ ಅಲ್ಲಿ ಅಂಕ ಕಡಿಯುತ್ತಾನೆ, ನಾನೂ ಕಡಿದಿದ್ದೇನೆ. ಮಧ್ಯೆ ಒಂದು ಸಾಲು ಸೇರಿಸಿ:

```
5. P → ¬R     1, 2  ಹೈ.ಸಿ.
6. ¬¬R        3     ದ್ವಿ.ನಿ.
7. ¬P         5, 6  ಮೋ.ಟೋ.
8. S          4, 7  ಮೋ.ಪೊ.
```

ಜರ್ಮನ್ ತರ್ಕಶಾಸ್ತ್ರಜ್ಞ ಗೆಂಟ್ಸನ್ 1934–35ರಲ್ಲಿ ಕಟ್ಟಿದ ಪದ್ಧತಿಯಲ್ಲಾದರೆ ಟೋಲೆನ್ಸ್, ಸಿಲಾಜಿಸಂ ಎರಡೂ ಮೂಲನಿಯಮಗಳಲ್ಲ. P ಎಂದು ಊಹಿಸಿಕೊಳ್ಳಿ. ಎರಡು ಸಲ ಪೊನೆನ್ಸ್ ಹಾಕಿದರೆ Q ಬಂದು ¬R ಬರುತ್ತದೆ. ಮೂರನೆಯ ಸಾಲಿನ R ಜೊತೆ ಅದು ಡಿಕ್ಕಿ ಹೊಡೆಯುತ್ತದೆ, ಆದ್ದರಿಂದ ¬P. ಅಲ್ಲಿ ದ್ವಿನಿಷೇಧ ಬೇಕಾಗುವುದೇ ಇಲ್ಲ.

ಅಚ್ಚಗನ್ನಡಿಗ:
ಸೊಗಸು. ಆದರೆ 'ಮೋ.ಟೋ.' ಕನ್ನಡವೇ? ಹುಡುಗರು ಮೋಟಾರು ಅಂದುಕೊಳ್ಳುತ್ತಾರೆ.

ನ್ಯಾಯಪ್ರಿಯ:
ಬಸ್ಸು ಮೋಟಾರಿನಿಂದಲೇ ಓಡುವುದು. ಅದಕ್ಕೆ ತಮ್ಮ ಅಚ್ಚಗನ್ನಡ ಯಾವುದೋ?

ಅನುವಾದಕಿ:
ಜಗಳ ಆಮೇಲೆ ಆಡಿ, ದಯವಿಟ್ಟು. 'ವಿಧಿನಿಯಮ', 'ನಿಷೇಧನಿಯಮ' ಅಂದರೆ? ಮೂರನೆಯದಕ್ಕೆ 'ಸರಪಣಿ ನಿಯಮ' ಇಡುವ ಮನಸ್ಸಿದೆ.

ನಿವೃತ್ತ ಮೇಷ್ಟ್ರು:
'ನಿಷೇಧನಿಯಮ' ಅಂದರೆ ದ್ವಿನಿಷೇಧದ ಜೊತೆ ಕಲಸಿಹೋಗುತ್ತದೆ, ಎರಡೂ ಪಕ್ಕಪಕ್ಕದ ಸಾಲಿನಲ್ಲೇ ಇವೆ. 'ಸರಪಣಿ' ಚೆನ್ನಾಗಿದೆ, ಕೊಂಡಿ ಕಣ್ಣಿಗೆ ಕಾಣುತ್ತದೆ. ಗಣಿತದ ಚೈನ್ ರೂಲ್‌ಗೂ ಅದೇ ಹೆಸರಲ್ಲವೇ ಅಂತ ಯಾರಾದರೂ ತಗಾದೆ ತೆಗೆಯುತ್ತಾರೆ, ತೆಗೆಯಲಿ.

ಅಚ್ಚಗನ್ನಡಿಗ:
'ಕೊಂಡಿಕಟ್ಟಳೆ' ಅನ್ನಿ!

ಅನುವಾದಕಿ:
ಸರಪಣಿ ಇಟ್ಟೆ, ಕಾಲಮ್ಮಿನಲ್ಲಿ 'ಸರಪಣಿ' ಅಂತಲೇ ಹಿಡಿಸಿತು. ಉಳಿದೆರಡಕ್ಕೆ ಸದ್ಯಕ್ಕೆ ಮೋ.ಪೊ., ಮೋ.ಟೋ. ದ್ವಿ.ನಿ. ಸಾಲನ್ನೂ ಸೇರಿಸಿದ್ದೇನೆ, ಮೇಷ್ಟ್ರೇ. ಅದರಿಂದ ಹಾಳೆ ಎರಡನೇ ಪುಟಕ್ಕೆ ಹೋಯಿತು.